ಎಂಟೂಕಾಲು ನಿಮಿಷಕ್ಕೊಂದು ಕಿಲೋಮೀಟರ್ ಅಂದರೆ ತಾಸಿಗೆ ಎಷ್ಟು?

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನೀರು ಬಿಟ್ಟುಹೋದ ಒದ್ದೆ ಹೊಯ್ಗೆ ಗಟ್ಟಿಯಾಗಿರುತ್ತದೆ. ಕಾಲು ಹೂಳುವುದಿಲ್ಲ, ಓಡಲು ಹದವಾದ ನೆಲ. ಅಲ್ಲಿ ಎರಡು ತಿಂಗಳಿಂದ ಜಾಗಿಂಗ್ ಮಾಡುತ್ತಿರುವ ಒಬ್ಬರು ಮೇ ಕೊನೆಯ ಒಂದು ಬೆಳಿಗ್ಗೆ 3 ಕಿಲೋಮೀಟರನ್ನು 24 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು ಎಂದುಕೊಳ್ಳೋಣ. ಮೊಬೈಲಿನ ಆ್ಯಪ್ 8:15 /km ಎಂದು ತೋರಿಸುತ್ತದೆ. ಒಂದು ಕಿಲೋಮೀಟರಿಗೆ ಎಂಟು ನಿಮಿಷ ಹದಿನೈದು ಸೆಕೆಂಡು. ಓಟಗಾರರು ಇದನ್ನು ‘ಪೇಸ್’ ಅನ್ನುತ್ತಾರೆ.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅಲೆ ದಂಡೆಯ ಮೇಲಕ್ಕೆ ಬಂದು ಆ ಗಟ್ಟಿ ಹೊಯ್ಗೆಯ ಪಟ್ಟಿ ಇಲ್ಲವಾಗುತ್ತದೆ. ಓಟ ನಿಲ್ಲಿಸಬಾರದೆಂದು ಅವರು ಜಿಮ್‌ಗೆ ಹೋಗಿ ಟ್ರೆಡ್‌ಮಿಲ್ ಹತ್ತುತ್ತಾರೆ. ಅದರ ಪರದೆಯ ಮೇಲಿರುವುದು km/h, ಅಂದರೆ ತಾಸಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. 8:15 ಅನ್ನು ಅಲ್ಲಿ ಎಷ್ಟೆಂದು ಒತ್ತಬೇಕು?

ಎರಡೂ ಹೇಳುವುದು ಒಂದನ್ನೇ, ಆದರೆ ತಿರುವುಮುರುವಾಗಿ. ಪೇಸ್ ದೂರವನ್ನು ಒಂದು ಕಿಲೋಮೀಟರಿಗೆ ನಿಲ್ಲಿಸಿ ಸಮಯ ಎಷ್ಟಾಯಿತು ಎಂದು ಕೇಳುತ್ತದೆ. ವೇಗ ಸಮಯವನ್ನು ಒಂದು ತಾಸಿಗೆ ನಿಲ್ಲಿಸಿ ದೂರ ಎಷ್ಟಾಯಿತು ಎಂದು ಕೇಳುತ್ತದೆ. ತಾಸಿಗೆ 60 ನಿಮಿಷ. ಒಂದು ಕಿಲೋಮೀಟರಿಗೆ 8 ನಿಮಿಷ ಬೇಕಾದರೆ 60ರಲ್ಲಿ 8 ಎಷ್ಟು ಸಲ ಹೋಗುತ್ತದೆಯೋ ಅಷ್ಟು ಕಿಲೋಮೀಟರ್, ಅಂದರೆ 7.5. ಪೇಸ್ ಅಂಕಿ ಏರಿದಷ್ಟೂ ಓಟ ನಿಧಾನ, ವೇಗದ ಅಂಕಿ ಏರಿದಷ್ಟೂ ಓಟ ಜೋರು.

ಇಷ್ಟರವರೆಗೆ ಯಾರೂ ಎಡವುವುದಿಲ್ಲ. ಎಡವುವುದು 8:15ರ ನಡುವಿನ ಆ ಎರಡು ಚುಕ್ಕಿಗಳ ಹತ್ತಿರ. ಕ್ಯಾಲ್ಕುಲೇಟರಿನಲ್ಲಿ 60 ÷ 8.15 ಎಂದು ಒತ್ತಿದರೆ 7.36 ಬರುತ್ತದೆ, ಅದು ತಪ್ಪು. ನಮಗೆ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ, ಏಕೆಂದರೆ ಕನ್ನಡದಲ್ಲಿ ಗಡಿಯಾರದ ಸಮಯವನ್ನೂ ಚುಕ್ಕಿ ಇಟ್ಟೇ ಬರೆಯುವ ರೂಢಿ ಇದೆ. ಆಮಂತ್ರಣ ಪತ್ರಿಕೆಯಲ್ಲಿ ‘ಬೆಳಿಗ್ಗೆ 7.30ಕ್ಕೆ’ ಎಂದರೆ ಏಳೂವರೆ. ಕ್ಯಾಲ್ಕುಲೇಟರಿಗೆ 7.30 ಎಂದರೆ ಏಳು ಮತ್ತು ಹತ್ತರಲ್ಲಿ ಮೂರು ಪಾಲು. ಒಂದು ನಿಮಿಷಕ್ಕೆ 60 ಸೆಕೆಂಡು, 100 ಅಲ್ಲ. ಎಲ್ಲ ಗೊಂದಲದ ಬೇರು ಇದೇ.

ಬರೆಯುವಾಗ ತಪ್ಪುವುದು ಬಾಯಲ್ಲಿ ಹೇಳುವಾಗ ತಪ್ಪುವುದಿಲ್ಲ ಎಂಬುದು ಚಂದದ ಸಂಗತಿ. 8:15ನ್ನು ‘ಎಂಟೂಕಾಲು’ ಎಂದು ಓದಿ. ಕಾಲು ಎಂದರೆ 0.25, ಹಾಗಾಗಿ ಅದು 8.25. ಏಳೂವರೆ 7.5, ಆರೂಮುಕ್ಕಾಲು 6.75. ಈಗ 60 ÷ 8.25 ಮಾಡಿದರೆ 7.27 ಬರುತ್ತದೆ. ಟ್ರೆಡ್‌ಮಿಲ್‌ನಲ್ಲಿ 7.3 ಒತ್ತಬೇಕು.

ಕಾಲು, ಅರೆ, ಮುಕ್ಕಾಲಿಗೆ ಸಿಕ್ಕದ ಸೆಕೆಂಡುಗಳಿದ್ದರೆ ಎಲ್ಲವನ್ನೂ ಸೆಕೆಂಡಿಗೆ ಇಳಿಸುವುದು ವಾಸಿ. ತಾಸಿಗೆ 3600 ಸೆಕೆಂಡು. ನಿಮಿಷವನ್ನು 60ರಿಂದ ಗುಣಿಸಿ ಸೆಕೆಂಡು ಕೂಡಿಸಿ, ಬಂದದ್ದರಿಂದ 3600ನ್ನು ಭಾಗಿಸಿ:

```
8 × 60 + 15 = 495
3600 ÷ 495 = 7.27
```

8:15ರಲ್ಲಿ ಚುಕ್ಕಿಯ ತಪ್ಪಿನಿಂದ ಆದ ವ್ಯತ್ಯಾಸ ಸಣ್ಣದು. ಸೆಕೆಂಡಿನ ಅಂಕಿ 60ರ ಹತ್ತಿರ ಬಂದಂತೆ ಅದು ದೊಡ್ಡದಾಗುತ್ತದೆ. 7:55 ತೆಗೆದುಕೊಳ್ಳಿ. ಅದು ಎಂಟಕ್ಕೆ ಐದೇ ಸೆಕೆಂಡು ಕಡಿಮೆ, ಸರಿಯಾದ ವೇಗ 3600 ÷ 475, ಅಂದರೆ 7.58. ಅದನ್ನೇ 7.55 ಎಂದು ಒತ್ತಿದರೆ 7.95 ಬರುತ್ತದೆ. 7.95ರಲ್ಲಿ ಓಡುವುದೆಂದರೆ ಕಿಲೋಮೀಟರಿಗೆ 7:33ರ ಪೇಸ್, ತಮ್ಮ ಅಳತೆಗಿಂತ 22 ಸೆಕೆಂಡು ಚುರುಕು. ದಂಡೆಯ ಮೇಲೆ 25 ನಿಮಿಷ ಆರಾಮಾಗಿ ಓಡುತ್ತಿದ್ದವರು ಯಂತ್ರದ ಮೇಲೆ ಹತ್ತು ನಿಮಿಷಕ್ಕೇ ಏದುಸಿರು ಬಿಟ್ಟರೆ ಮೊದಲು ಅನುಮಾನಿಸಬೇಕಾದದ್ದು ಈ ಭಾಗಾಕಾರವನ್ನು. ಜಿಮ್‌ನ ಸೆಕೆ ಆಮೇಲೆ.

ಹಿಂದಕ್ಕೆ ತಿರುಗಿಸುವಾಗಲೂ ಇದೇ ತಪ್ಪು ಕಾದಿರುತ್ತದೆ. ಟ್ರೆಡ್‌ಮಿಲ್‌ನಲ್ಲಿ 7 ಇದ್ದರೆ 60 ÷ 7 = 8.57. ಅದು 8 ನಿಮಿಷ 57 ಸೆಕೆಂಡು ಅಲ್ಲ. ಚುಕ್ಕಿಯ ನಂತರದ 0.57ನ್ನು 60ರಿಂದ ಗುಣಿಸಿದರೆ 34 ಸೆಕೆಂಡು, ಪೇಸ್ 8:34.

ಇನ್ನೊಂದು ವಿಷಯ ಹೊಸಬರನ್ನು ದಾರಿ ತಪ್ಪಿಸುತ್ತದೆ. ವೇಗದ ಗುಂಡಿಯನ್ನು ಒಂದೇ ಅಳತೆಯಲ್ಲಿ ಏರಿಸುತ್ತ ಹೋದರೂ ಪೇಸ್ ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ. 6ರಿಂದ 6.5ಕ್ಕೆ ಏರಿಸಿದರೆ ಪೇಸ್ 10:00ರಿಂದ 9:14ಕ್ಕೆ ಬರುತ್ತದೆ, 46 ಸೆಕೆಂಡು ಉಳಿತಾಯ. 9.5ರಿಂದ 10ಕ್ಕೆ ಏರಿಸಿದರೆ 6:19ರಿಂದ 6:00, ಬರೀ 19 ಸೆಕೆಂಡು. ತಿರುಗಿಸಿ ನೋಡಿದರೆ ಇದು ಇನ್ನೂ ಮುಖ್ಯ. 10:00ರ ಪೇಸನ್ನು 9:30ಕ್ಕೆ ತರಲು ವೇಗ ಸುಮಾರು 0.3 ಹೆಚ್ಚಿದರೆ ಸಾಕು. 7:00ನ್ನು 6:30ಕ್ಕೆ ತರಲು 0.66 ಹೆಚ್ಚಬೇಕು, ಎರಡು ಪಟ್ಟಿಗೂ ಮಿಗಿಲು. ‘ತಿಂಗಳಿಗೆ ಮೂವತ್ತು ಸೆಕೆಂಡು ಇಳಿಸುತ್ತೇನೆ’ ಎಂದು ಗುರಿ ಇಟ್ಟವರಿಗೆ ಮೊದಲ ತಿಂಗಳು ಹಗುರ ಅನಿಸಿ ಆಮೇಲಿನದು ಭಾರವಾಗುವುದಕ್ಕೆ ಇದೂ ಒಂದು ಕಾರಣ. ಗುರಿಯನ್ನು ವೇಗದಲ್ಲೇ, ಒಂದು ಸಲಕ್ಕೆ 0.1 ಅಥವಾ 0.2ರಂತೆ ಇಟ್ಟುಕೊಳ್ಳುವುದು ಹೆಚ್ಚು ನ್ಯಾಯವಾದ ಲೆಕ್ಕ.

ಸರಾಸರಿ ತೆಗೆಯುವಾಗ ಇದರದೇ ಮತ್ತೊಂದು ಮುಖ ಕಾಣುತ್ತದೆ. ಶಿರಸಿಯಲ್ಲಿ ಸಮತಟ್ಟು ರಸ್ತೆ ಹುಡುಕುವುದೇ ಕಷ್ಟ, ಹೊರಟರೆ ಏರು, ಬಂದರೆ ಇಳಿಜಾರು. ಒಂದು ಕಿಲೋಮೀಟರ್ ಏರನ್ನು 10:00ರಲ್ಲಿ ಹತ್ತಿ ಅದೇ ಕಿಲೋಮೀಟರನ್ನು 7:30ರಲ್ಲಿ ಇಳಿದಿರಿ. ವೇಗ ಹತ್ತುವಾಗ 6, ಇಳಿಯುವಾಗ 8. ಸರಾಸರಿ 7 ಎಂದು ಬಾಯಿಗೆ ಬಂದರೂ ಅದು ಸರಿಯಲ್ಲ. 2 ಕಿಲೋಮೀಟರಿಗೆ ಹಿಡಿದದ್ದು 17 ನಿಮಿಷ 30 ಸೆಕೆಂಡು; ಪೇಸ್ 8:45, ವೇಗ 6.86. ನಿಧಾನದ ಏರಿನಲ್ಲಿ ಹತ್ತು ನಿಮಿಷ ಕಳೆದಿರಿ, ಇಳಿಜಾರಿನಲ್ಲಿ ಏಳೂವರೆ ಮಾತ್ರ. ಹೆಚ್ಚು ಹೊತ್ತು ಇದ್ದ ವೇಗಕ್ಕೆ ಹೆಚ್ಚು ತೂಕ. ದೂರ ಸಮನಾಗಿದ್ದರೆ ಪೇಸ್‌ಗಳನ್ನು ಕೂಡಿಸಿ ಅರೆ ಮಾಡಬಹುದು: 10:00 ಮತ್ತು 7:30ರ ನಡುವಿನದು 8:45, ಸರಿಯಾಗಿಯೇ ಬಂತು. ವೇಗಗಳನ್ನು ಹಾಗೆ ಅರೆ ಮಾಡಬೇಕಾದರೆ ಸಮನಾಗಿರಬೇಕಾದದ್ದು ದೂರವಲ್ಲ, ಸಮಯ.

ಈಗ ಮತ್ತೆ ನಮ್ಮ ಕಾರವಾರದ ಓಟಗಾರರ 8:15ಕ್ಕೆ ಬರೋಣ. ಹೊಸಬರು 25 ನಿಮಿಷ ಒಂದೇ ಸಮನೆ ಓಡುವುದು ಕಡಿಮೆ, ನಡುನಡುವೆ ನಡೆಯುತ್ತಾರೆ, ನಡೆಯುವುದೇ ಸರಿ ಕೂಡ. ಆ 24:45ರಲ್ಲಿ ಒಟ್ಟು 3 ನಿಮಿಷ ನಡಿಗೆ ಇತ್ತು, ನಡಿಗೆಯ ವೇಗ ತಾಸಿಗೆ 5 ಕಿಲೋಮೀಟರ್ ಎನ್ನೋಣ. 3 ನಿಮಿಷಕ್ಕೆ 250 ಮೀಟರ್ ಆಯಿತು. ಉಳಿದ 2750 ಮೀಟರನ್ನು ಅವರು ಓಡಿದ್ದು 21 ನಿಮಿಷ 45 ಸೆಕೆಂಡಿನಲ್ಲಿ, ಅಂದರೆ 1305 ಸೆಕೆಂಡಿನಲ್ಲಿ. ಕಿಲೋಮೀಟರಿಗೆ ಸುಮಾರು 475 ಸೆಕೆಂಡು ಬಿತ್ತು, ಅದೇ 7:55. ಅವರ ನಿಜವಾದ ಓಟದ ವೇಗ 7.6, ಆ್ಯಪ್ ಕೊಟ್ಟ 7.3 ಅಲ್ಲ.

ಹಾಗಾಗಿ ಟ್ರೆಡ್‌ಮಿಲ್‌ನಲ್ಲಿ ಅದೇ ವ್ಯಾಯಾಮ ಬೇಕೆಂದರೆ ಓಡುವಾಗ 7.6, ನಡೆಯುವಾಗ 5 ಇಡಬೇಕು. 7.3 ಇಟ್ಟು ಬಿಡುವಿಲ್ಲದೆ ಓಡಿದರೂ ದೂರ, ಸಮಯ ಎರಡೂ ಅಷ್ಟೇ ಬರುತ್ತವೆ, ಆದರೆ ಉಸಿರು ಸುಧಾರಿಸಿಕೊಳ್ಳುವ ಮೂರು ನಿಮಿಷ ಕೈಬಿಟ್ಟು ಹೋಗುತ್ತದೆ. ಕೆಲವು ಆ್ಯಪ್‌ಗಳು ನಿಂತ ಸಮಯವನ್ನು ತಾವಾಗಿಯೇ ಕಳೆದು ಪೇಸ್ ತೋರಿಸುತ್ತವೆ. ನಡೆದದ್ದನ್ನು ಸಾಮಾನ್ಯವಾಗಿ ಕಳೆಯುವುದಿಲ್ಲ, ಅದೂ ಚಲನೆಯೇ ಆದ್ದರಿಂದ. ಓಟದ ಪೇಸ್ ಬೇಕಾದರೆ ನಡಿಗೆಯನ್ನು ಮೇಲಿನಂತೆ ಕೈಯಾರೆ ಕಳೆಯಬೇಕು.

ಗುಂಡಿ ಒತ್ತುವ ಮೊದಲು ಪರದೆಯಲ್ಲಿ km/h ಇದೆಯೋ mph ಇದೆಯೋ ನೋಡಿ. mph ಎಂದರೆ ತಾಸಿಗೆ ಮೈಲಿ. ಒಂದು ಮೈಲಿಗೆ 1.609 ಕಿಲೋಮೀಟರ್. ಯಂತ್ರ ಮೈಲಿಗೆ ಹೊಂದಿಸಿದ್ದರೆ 7.6 ಎಂಬುದು ತಾಸಿಗೆ 12.2 ಕಿಲೋಮೀಟರ್, ಹೊಸಬರು ಬೀಳುವ ವೇಗ. ತಿಳಿಯುವುದು ಸುಲಭ: 5 ಇಟ್ಟು ನಡೆದು ನೋಡಿ. ಬಿರುಸು ನಡಿಗೆ ಸಾಕಾದರೆ ಅದು ಕಿಲೋಮೀಟರ್. ಓಡಲೇಬೇಕಾಗಿ ಬಂದರೆ ಮೈಲಿ.

ಪರದೆಯ ಅಂಕಿ ಸರಿಯಿದ್ದೂ ಯಂತ್ರವೇ ತಪ್ಪು ಓಡುತ್ತಿರಬಹುದು. ಬೆಲ್ಟ್ ಸವೆದು ಸಡಿಲವಾಗಿ ಜಾರುತ್ತಿದ್ದರೆ ಹೀಗಾಗುತ್ತದೆ. ಪರೀಕ್ಷೆಗೆ ಬೇಕಾದದ್ದು ಅಳತೆಯ ಟೇಪು ಮತ್ತು ಬಿಳಿ ಅಂಟುಪಟ್ಟಿಯ ಒಂದು ತುಂಡು. ಯಂತ್ರದ ಸ್ವಿಚ್ ಪೂರ್ತಿ ಆರಿಸಿ ಬೆಲ್ಟಿನ ಅಂಚಿಗೆ ಪಟ್ಟಿ ಅಂಟಿಸಿ. ಬೆಲ್ಟನ್ನು ಕೈಯಿಂದ ಸರಿಸುತ್ತ, ಪಟ್ಟಿ ಒಂದು ಸುತ್ತು ಬಂದು ಮೊದಲಿನ ಜಾಗ ಸೇರುವವರೆಗೆ ಉದ್ದ ಅಳೆಯಿರಿ. ಅದು 3.1 ಮೀಟರ್ ಬಂತು ಎನ್ನೋಣ. 7.6ರ ವೇಗವೆಂದರೆ ನಿಮಿಷಕ್ಕೆ 126.7 ಮೀಟರ್, 3.1ರಿಂದ ಭಾಗಿಸಿದರೆ ಹೆಚ್ಚುಕಡಿಮೆ 41 ಸುತ್ತು. ಈಗ 7.6 ಇಟ್ಟು ಒಬ್ಬರು ಓಡಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಂದು ನಿಮಿಷದಲ್ಲಿ ಬಿಳಿ ಪಟ್ಟಿ ಎಷ್ಟು ಸಲ ಕಾಣುತ್ತದೆ ಎಂದು ಎಣಿಸಲಿ. 41 ಅಥವಾ 40 ಬಂದರೆ ಯಂತ್ರ ಸರಿಯಿದೆ. 38 ಬಂದರೆ ಬೆಲ್ಟ್ ಓಡಿದ್ದು 117.8 ಮೀಟರ್, ವೇಗ 7.07, ಪೇಸ್ 8:29. ಆಗ ನಿಜವಾದ 7.6 ಸಿಗಲು ಪರದೆಯಲ್ಲಿ 8.2ರ ಸುತ್ತಮುತ್ತ ಇಡಬೇಕಾಗುತ್ತದೆ. ಖಾಲಿ ಬೆಲ್ಟನ್ನು ಎಣಿಸಿದರೆ ಪ್ರಯೋಜನವಿಲ್ಲ. ಜಾರುವ ಬೆಲ್ಟ್ ಹಿಂದೆ ಬೀಳುವುದು ಮೈಭಾರದ ಕಾಲು ಅದರ ಮೇಲೆ ಊರಿದಾಗಲೇ.