ಪಾರ್ಸೆಲ್‌ನಲ್ಲಿ ಬಂದ ಮಾತ್ರೆ: ಮೊದಲು ಬಿಲ್ ಓದಿ

ಡೊಂಬಿವಲಿಯ ನಮ್ಮ ಮೆಡಿಕಲ್ ಅಂಗಡಿಗೆ ಆನ್‌ಲೈನ್ ಪಾರ್ಸೆಲ್ ಹಿಡಿದುಕೊಂಡೇ ಬರುವವರು ಈಗ ಜಾಸ್ತಿ. "ಇದು ಸರಿ ಐತೇನ್ರಿ, ನೋಡ್ರಿ" ಅನ್ನುತ್ತಾರೆ. ನಾನು ಮೊದಲು ಕೇಳುವುದು ಬಿಲ್. ಆಪ್ ಬರೀ ಆರ್ಡರ್ ತಗೊಂಡಿರಬಹುದು, ಮಾರಿದ್ದು ಬೇರೆ ಯಾವುದೋ ಅಂಗಡಿ. ಅದರ ಹೆಸರು, ವಿಳಾಸ, ಡ್ರಗ್ ಲೈಸೆನ್ಸ್ ನಂಬರ್ ಬಿಲ್‌ನಲ್ಲಿ ಇರಬೇಕು. ಚಿಲ್ಲರೆ ಮಾರಾಟದ ಲೈಸೆನ್ಸ್ 20 ಮತ್ತು 21ನೇ ನಮೂನೆಯದು. 20ಬಿ, 21ಬಿ ಮಾತ್ರ ಇದ್ದರೆ ಅದು ಹೋಲ್‌ಸೇಲ್ ಲೈಸೆನ್ಸ್. ಅವರು ನೇರ ನಿಮ್ಮ ಮನೆಗೆ ಮಾರುವ ಹಾಗಿಲ್ಲ.

ಧಾರವಾಡ ಕಡೆಯ ಅಕ್ಕ ಒಬ್ಬರು ಕಳೆದ ವರ್ಷ ಸೆಪ್ಟೆಂಬರ್ 10ಕ್ಕೆ ಬಿಪಿ ಮಾತ್ರೆ ತಂದು ತೋರಿಸಿದರು. ಟೆಲ್ಮಿಸಾರ್ಟಾನ್ 40, ಹದಿನೈದರ ಆರು ಸ್ಟ್ರಿಪ್, ದಿನಕ್ಕೊಂದು. ಎರಡು ಸ್ಟ್ರಿಪ್‌ಗೆ ಇನ್ನೂ ಎರಡು ವರ್ಷ ಅವಧಿ ಇತ್ತು. ಉಳಿದ ನಾಲ್ಕರ ಮೇಲೆ ಅದೇ ವರ್ಷದ ಅಕ್ಟೋಬರ್.

"ಎಕ್ಸ್‌ಪೈರಿ ಇನ್ನೂ ಮುಂದ ಐತಲ್ರಿ ಅಣ್ಣಾ?" ಅಂದರು.

ನಿಜ. ತಿಂಗಳು ಮಾತ್ರ ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತಲೇ ಅರ್ಥ. ಆದರೆ ಲೆಕ್ಕ ಹಾಕಿ: ಸೆಪ್ಟೆಂಬರ್ 10ರಿಂದ ಅಕ್ಟೋಬರ್ 31ಕ್ಕೆ 52 ದಿನ. ಆ ನಾಲ್ಕು ಸ್ಟ್ರಿಪ್‌ನಲ್ಲಿ 60 ಮಾತ್ರೆ. ಅವನ್ನೇ ಮೊದಲು ನುಂಗಿದರೂ ಎಂಟು ಉಳಿಯುತ್ತವೆ. ಹೊಸ ಸ್ಟ್ರಿಪ್ ಮೊದಲು ಒಡೆದರೆ ಇನ್ನೂ ಮೂವತ್ತು ಹಾಳು.

ಅದಕ್ಕಿಂತ ನನಗೆ ಕಸಿವಿಸಿಯಾಗಿದ್ದು ಬೇರೆ. ಬಿಲ್‌ನಲ್ಲಿ ಆರೂ ಸ್ಟ್ರಿಪ್‌ಗೆ ಒಂದೇ ಬ್ಯಾಚ್ ನಂಬರ್ ಇತ್ತು, ಹೊಸ ಎರಡರದ್ದು. ಹಳೆಯ ನಾಲ್ಕರ ಬ್ಯಾಚ್ ಬಿಲ್‌ನಲ್ಲೇ ಇಲ್ಲ. ಎಲ್ಲಿಂದ ಬಂದವು ಅಂತ ಹೇಳೋಕೆ ದಾಖಲೆ ಇಲ್ಲ ಅಂದ ಹಾಗಾಯಿತು. ಕಳಪೆ ಗುಣಮಟ್ಟದ ಔಷಧಿಯನ್ನು ಸರ್ಕಾರ ಬ್ಯಾಚ್ ನಂಬರ್ ಸಮೇತವೇ ಪ್ರಕಟಿಸುತ್ತದೆ. ಅಂಗಡಿಯಿಂದ ವಾಪಸ್ ತರಿಸುವುದೂ ಅದೇ ನಂಬರಿನ ಮೇಲೆ. ಅದಕ್ಕೇ ಆ ನಾಲ್ಕನ್ನು ನುಂಗಬೇಡಿ, ವಾಪಸ್ ಕಳಿಸಿ ಅಂದೆ.

ಅಕ್ಕ ಆಪ್‌ಗೆ ಹಾಕಿದ್ದ ಚೀಟಿಯೂ ಹಳೆಯದು. ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕು, ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆದಿದ್ದರೆ ಮಾತು ಬೇರೆ. ನಿಯಮ ಹೀಗಿದೆ, ಅಂಗಡಿಯಲ್ಲೂ ಎಷ್ಟೋ ಸಲ ಯಾರೂ ನೋಡುವುದಿಲ್ಲ ಬಿಡಿ. ಆದರೆ ಬಿಪಿ ಮಾತ್ರೆಯ ಡೋಸ್ ನಡುವೆ ಬದಲಾಗಿರಬಹುದು, ಅಲ್ವಾ? ಹಳೆ ಚೀಟಿ ಹಾಕಿದರೆ ಹಳೆ ಡೋಸೇ ಮನೆಗೆ ಬರುತ್ತದೆ.

ವಾಪಸ್ ಮಾಡುವಾಗ ಸ್ಟ್ರಿಪ್ ಕತ್ತರಿಸಬೇಡಿ. ಬ್ಯಾಚ್, ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದೇ ತುದಿಯಲ್ಲಿರುತ್ತವೆ. ಆ ತುದಿಯನ್ನೂ ಬಿಲ್ಲನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆಯಿರಿ. ಆಪ್‌ನವರು ಸುಮ್ನೆ ಸತಾಯಿಸಿದರೆ ಮಹಾರಾಷ್ಟ್ರ ಎಫ್‌ಡಿಎಗೆ ದೂರು ಕೊಡಬಹುದು. ಅದರಲ್ಲಿ ಆಪ್ ಹೆಸರಿನ ಜೊತೆ ಬಿಲ್‌ನಲ್ಲಿರುವ ಅಂಗಡಿಯ ಹೆಸರು, ಲೈಸೆನ್ಸ್ ನಂಬರನ್ನೂ ಬರೆಯಿರಿ. ಡ್ರಗ್ ಇನ್‌ಸ್ಪೆಕ್ಟರ್ ತಪಾಸಣೆಗೆ ಹೋಗುವುದು ಆ ಅಂಗಡಿಗೆ.