ಮುಖ ಎಡಕ್ಕೆ, ಮೈ ಬಲಕ್ಕೆ: ಒಂದು ಪ್ರಶ್ನೆಯಲ್ಲಿ ಮೆಡುಲ್ಲಾದ ಪಾಠ

ನರವ್ಯೂಹದ ಟ್ರ್ಯಾಕ್ಟುಗಳನ್ನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಬಣ್ಣಬಣ್ಣದ ಗೆರೆಗಳಾಗಿ ಕಲಿಯುತ್ತಾರೆ, ಸಿಂಡ್ರೋಮುಗಳನ್ನು ಅಂತಿಮ ವರ್ಷದಲ್ಲಿ ಪಟ್ಟಿಗಳಾಗಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಪ್ರಶ್ನೆಯಾದರೋ ಗೆರೆಯನ್ನೂ ಕೇಳುವುದಿಲ್ಲ, ಪಟ್ಟಿಯನ್ನೂ ಕೇಳುವುದಿಲ್ಲ. ಒಬ್ಬ ರೋಗಿಯನ್ನು ಮುಂದಿಟ್ಟು ಪೆಟ್ಟು ಎಲ್ಲಿ ಬಿದ್ದಿದೆ ಎಂದು ಕೇಳುತ್ತದೆ. ಹಲವು ಪ್ರಶ್ನೆಗಳನ್ನು ಮೇಲೆಮೇಲೆ ಬಿಡಿಸುವುದಕ್ಕಿಂತ ಒಂದೇ ಪ್ರಶ್ನೆಯನ್ನು ಬುಡದವರೆಗೆ ಬಿಡಿಸುವುದು ಲಾಭವೆಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ನಾನು ಸಾಮಾನ್ಯವಾಗಿ ಆರಿಸಿಕೊಳ್ಳುವ ಪ್ರಶ್ನೆ ಇದು.

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವ 56 ವರ್ಷದ ವ್ಯಕ್ತಿಗೆ ಬೆಳಿಗ್ಗೆ ಏಳುತ್ತಲೇ ವಿಪರೀತ ತಲೆಸುತ್ತು, ವಾಂತಿ. ನಿಂತರೆ ಎಡಕ್ಕೆ ವಾಲುತ್ತಾರೆ. ದನಿ ಕಟ್ಟಿದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಪರೀಕ್ಷಿಸಿದಾಗ ಮುಖದ ಎಡಭಾಗದಲ್ಲಿ ಸೂಜಿಯ ಚುಚ್ಚು ಮತ್ತು ತಂಪು ತಿಳಿಯುವುದಿಲ್ಲ; ಕುತ್ತಿಗೆಯ ಕೆಳಗೆ ಬಲಗೈ, ಬಲ ಮೈ, ಬಲಗಾಲಿನಲ್ಲಿ ಅವು ತಿಳಿಯುವುದಿಲ್ಲ. ಎಡ ರೆಪ್ಪೆ ಕೊಂಚ ಇಳಿದಿದೆ, ಎಡ ಪಾಪೆ ಚಿಕ್ಕದಾಗಿದೆ. ‘ಆ’ ಎನ್ನಿಸಿದಾಗ ಅಂಗುಳದ ಎಡಭಾಗ ಮೇಲೇಳುವುದಿಲ್ಲ. ಎಡಗೈಯಿಂದ ಮೂಗು ಮುಟ್ಟಲು ಹೋದರೆ ಗುರಿ ತಪ್ಪುತ್ತದೆ. ಕೈಕಾಲುಗಳ ಬಲ, ಕಂಪನದ ಅರಿವು, ನಾಲಿಗೆಯ ಚಲನೆ ಮೂರೂ ಸರಿಯಾಗಿವೆ.

ಬಾಯಿಪಾಠ ಮಾಡಿದವರು ಇಷ್ಟು ಓದುವಷ್ಟರಲ್ಲಿ ಸಿಂಡ್ರೋಮಿನ ಹೆಸರು ಹೇಳಿಬಿಡುತ್ತಾರೆ. ಹೆಸರು ಸರಿಯೇ ಇದ್ದರೂ ಅದನ್ನು ಬದಿಗಿಡಲು ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಹೊಂದಿಸುವವರು ಒಂದು ಸಾಲು ಬದಲಿಸಿದರೆ ಆ ಹೆಸರು ಕೈಕೊಡುತ್ತದೆ. ಪಟ್ಟಿ ಗೊತ್ತಿಲ್ಲದವರು ಸಾಮಾನ್ಯವಾಗಿ ಕೇಳುವುದು, ‘ಸರ್, ಮುಖಕ್ಕೆ ಒಂದು, ಮೈಗೆ ಒಂದು, ಎರಡು ಕಡೆ ಪೆಟ್ಟು ಬಿದ್ದಿದೆಯಾ?’ ಎಂದು. ಇದು ದಡ್ಡ ಪ್ರಶ್ನೆಯಲ್ಲ. ಎರಡು ಕಡೆ ಬೇಕಾಗಿಲ್ಲ, ಒಂದೇ ಸಾಕು ಎಂದು ತೋರಿಸುವುದರಲ್ಲೇ ಪಾಠದ ಮುಕ್ಕಾಲು ಪಾಲು ಮುಗಿಯುತ್ತದೆ.

ಮೊದಲು ಬಲಮೈಯನ್ನು ತೆಗೆದುಕೊಳ್ಳೋಣ. ನೋವು ಮತ್ತು ಬಿಸಿತಂಪುಗಳ ಅರಿವನ್ನು ಒಯ್ಯುವ ನರತಂತು ಮಿದುಳುಬಳ್ಳಿಯನ್ನು ಹಿಂಬದಿಯಿಂದ ಹೊಕ್ಕು, ಒಂದೆರಡು ಖಂಡಗಳಷ್ಟು ಮೇಲೇರಿ, ಡಾರ್ಸಲ್ ಹಾರ್ನ್‌ನಲ್ಲಿರುವ ಎರಡನೆಯ ನರಕೋಶಕ್ಕೆ ಸಂದೇಶ ಒಪ್ಪಿಸುತ್ತದೆ. ಆ ಎರಡನೆಯ ಕೋಶದ ತಂತು ಅಲ್ಲಿಯೇ ನಡುಗೆರೆ ದಾಟಿ ಎದುರು ಬದಿಗೆ ಹೋಗಿ, ಸ್ಪೈನೋಥಲಾಮಿಕ್ ಟ್ರ್ಯಾಕ್ಟ್ ಎಂಬ ಹೆಸರಿನಲ್ಲಿ ಥಲಾಮಸ್‌ವರೆಗೆ ಏರುತ್ತದೆ. ಅಂದರೆ ಬಲಗಾಲಿನ ನೋವು ಸೊಂಟದ ಹತ್ತಿರವೇ ಎಡಕ್ಕೆ ದಾಟಿಬಿಟ್ಟಿದೆ; ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅದು ಎಡದಲ್ಲೇ ಇರುತ್ತದೆ. ಹಾಗಾಗಿ ಬಲಮೈಗೆ ಚುಚ್ಚು ತಿಳಿಯದಿದ್ದರೆ ಪೆಟ್ಟು ಎಡಗಡೆಯದು. ಆದರೆ ಅದು ಕುತ್ತಿಗೆಯ ಮಿದುಳುಬಳ್ಳಿಯಲ್ಲಿರಬಹುದು, ಮಿದುಳುಕಾಂಡದಲ್ಲಿರಬಹುದು, ಥಲಾಮಸ್‌ನಲ್ಲೂ ಇರಬಹುದು. ಉದ್ದದ ಟ್ರ್ಯಾಕ್ಟ್ ಬದಿಯನ್ನು ಹೇಳುತ್ತದೆಯೇ ಹೊರತು ಎತ್ತರವನ್ನು ಹೇಳುವುದಿಲ್ಲ.

ಎತ್ತರದ ಮೊದಲ ಸುಳಿವು ಕೊಡುವುದು ಮುಖ. ಮುಖದ ನೋವನ್ನು ತರುವ ಟ್ರೈಜೆಮಿನಲ್ ನರ ಪಾನ್ಸ್‌ನ ನಡುಭಾಗದಲ್ಲಿ ಒಳಹೊಗುತ್ತದೆ. ಅಲ್ಲಿಂದ ಅದು ನೇರವಾಗಿ ಮೇಲಕ್ಕೆ ಹೋಗಬೇಕೆಂದು ಎಲ್ಲರಿಗೂ ಅನಿಸುತ್ತದೆ, ಆದರೆ ನೋವಿನ ತಂತುಗಳು ಹಾಗೆ ಮಾಡುವುದಿಲ್ಲ. ಅವು ಕೆಳಗೆ ತಿರುಗಿ, ಹೊಕ್ಕ ಬದಿಯಲ್ಲಿಯೇ ಪಾನ್ಸ್‌ನ ಕೆಳಭಾಗ ಮತ್ತು ಇಡೀ ಮೆಡುಲ್ಲಾವನ್ನು ಹಾದು ಕುತ್ತಿಗೆಯ ಮೇಲಿನ ಖಂಡಗಳವರೆಗೆ ಇಳಿಯುತ್ತವೆ. ಈ ಇಳಿದಾರಿಗೆ ಸ್ಪೈನಲ್ ಟ್ರ್ಯಾಕ್ಟ್ ಎನ್ನುತ್ತಾರೆ. ಅದರ ಪಕ್ಕದ ನ್ಯೂಕ್ಲಿಯಸ್‌ನಲ್ಲಿ ಸಂದೇಶ ಒಪ್ಪಿಸಿದ ಮೇಲೆಯೇ ಎರಡನೆಯ ತಂತು ನಡುಗೆರೆ ದಾಟಿ ಮತ್ತೆ ಮೇಲೇರುತ್ತದೆ.

ಈಗ ಮೆಡುಲ್ಲಾದ ಅಡ್ಡಸೀಳಿನ ಚಿತ್ರ ಬರೆದು ಎಡ ಅಂಚನ್ನು ನೋಡಿ. ಅಲ್ಲಿ ಇಳಿಯುತ್ತಿರುವುದು ಇನ್ನೂ ದಾಟದ ಎಡಮುಖದ ತಂತು. ಅದರ ನೆರೆಯಲ್ಲೇ ಏರುತ್ತಿರುವುದು ಎಂದೋ ದಾಟಿ ಬಂದ ಬಲಮೈಯ ತಂತು. ಎರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ. ಅಲ್ಲೊಂದು ಚಿಕ್ಕ ರಕ್ತನಾಳ ಕಟ್ಟಿದರೆ ಎಡಮುಖವೂ ಬಲಮೈಯೂ ಒಟ್ಟಿಗೆ ಜಡವಾಗುತ್ತವೆ. ಇದೇ ಪೆಟ್ಟು ಎಡ ಥಲಾಮಸ್‌ನಲ್ಲಿ ಬಿದ್ದಿದ್ದರೆ, ಅಷ್ಟರಲ್ಲಿ ಮುಖದ ತಂತೂ ದಾಟಿರುವುದರಿಂದ, ಬಲಮುಖ ಮತ್ತು ಬಲಮೈ ಒಂದೇ ಕಡೆ ಹೋಗುತ್ತಿದ್ದವು. ಕುತ್ತಿಗೆಯ ನಡುಭಾಗದ ಕೆಳಗೆ ಬಿದ್ದಿದ್ದರೆ ಮುಖಕ್ಕೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ನಮ್ಮ ರೋಗಿಯ ಪೆಟ್ಟು ಪಾನ್ಸ್‌ನ ನಡುವಿನಿಂದ ಕುತ್ತಿಗೆಯ ಮೊದಲ ಖಂಡಗಳವರೆಗಿನ ಎಡ ಅಂಚಿನಲ್ಲಿ ಎಲ್ಲೋ ಇದೆ.

ಈ ಅಂತರವನ್ನು ಇನ್ನಷ್ಟು ಕಿರಿದುಗೊಳಿಸುವುದು ದನಿ. ಗಂಟಲು, ಅಂಗುಳ ಮತ್ತು ಧ್ವನಿತಂತುಗಳ ಸ್ನಾಯುಗಳಿಗೆ ಅಪ್ಪಣೆ ಕೊಡುವ ನ್ಯೂಕ್ಲಿಯಸ್ ಆಂಬಿಗ್ಯೂಯಸ್ ಇರುವುದು ಮೆಡುಲ್ಲಾದಲ್ಲಿ ಮಾತ್ರ. ಕಟ್ಟಿದ ದನಿ, ನುಂಗುವ ತೊಂದರೆ, ಏಳದ ಅಂಗುಳ ಇವು ಸೇರಿದರೆ ಎತ್ತರ ಇತ್ಯರ್ಥವಾಯಿತೆಂದೇ ತಿಳಿಯಬಹುದು. ಇಲ್ಲಿ ಒಂದು ಸಣ್ಣ ಬಲೆ ಇದೆ. ಎಡಭಾಗ ಸೋತಾಗ ಬಲಗಡೆಯ ಸ್ನಾಯು ಕಿರುನಾಲಿಗೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅಂದರೆ ಕಿರುನಾಲಿಗೆ ಪೆಟ್ಟಿನಿಂದ ದೂರಕ್ಕೆ ಸರಿಯುತ್ತದೆ. ನಾಲಿಗೆಯ ರೀತಿ ಬೇರೆ. ಹೊರಚಾಚಿದಾಗ ಸರಿಯಿರುವ ಬದಿಯ ಸ್ನಾಯು ಅದನ್ನು ಸೋತ ಬದಿಗೆ ನೂಕುವುದರಿಂದ ಅದು ಪೆಟ್ಟಿನ ಕಡೆಗೇ ವಾಲುತ್ತದೆ. ಒಂದನ್ನು ಎಳೆಯುವ ಸ್ನಾಯು, ಇನ್ನೊಂದನ್ನು ನೂಕುವ ಸ್ನಾಯು ಎಂದು ಅರ್ಥಮಾಡಿಕೊಂಡರೆ ಬೇರೆ ಸೂತ್ರ ಬೇಡ.

ಇಳಿದ ರೆಪ್ಪೆ ಮತ್ತು ಚಿಕ್ಕ ಪಾಪೆ, ಅಂದರೆ ಹಾರ್ನರ್ ಲಕ್ಷಣ, ಹೈಪೋಥಲಾಮಸ್‌ನಿಂದ ಅದೇ ಬದಿಯಲ್ಲಿ ಇಳಿದುಬರುವ ಸಿಂಪಥೆಟಿಕ್ ತಂತುಗಳು ಕಡಿದುದರ ಗುರುತು. ಗುರಿ ತಪ್ಪುವ ಕೈ ಮಿದುಳುಬಳ್ಳಿಯಿಂದ ಸೆರೆಬೆಲಮ್‌ಗೆ ಹೋಗುವ ಕೆಳಗಿನ ಪೆಡಂಕಲ್‌ನದು, ತಲೆಸುತ್ತು ವೆಸ್ಟಿಬ್ಯುಲರ್ ನ್ಯೂಕ್ಲಿಯಸ್‌ಗಳದು. ಎಲ್ಲವೂ ಎಡದವು, ಎಲ್ಲವೂ ಮೆಡುಲ್ಲಾದ ಅಂಚಿನಲ್ಲಿಯೇ ಇರುವವು.

ವಿದ್ಯಾರ್ಥಿಗಳು ಹಾರಿಸಿ ಓದುವುದು ಪ್ರಶ್ನೆಯ ಕೊನೆಯ ಸಾಲನ್ನು. ಬಲ ಸರಿಯಿದೆ, ಕಂಪನ ತಿಳಿಯುತ್ತದೆ, ನಾಲಿಗೆ ನೆಟ್ಟಗಿದೆ ಎಂಬ ಮೂರು ಮಾತುಗಳನ್ನು ಜಾಗ ತುಂಬಿಸಲು ಹಾಕಿರುವುದಿಲ್ಲ. ಕೈಕಾಲಿಗೆ ಬಲ ಕೊಡುವ ಪಿರಮಿಡ್, ಕಂಪನ ಒಯ್ಯುವ ಮೀಡಿಯಲ್ ಲೆಮ್ನಿಸ್ಕಸ್, ನಾಲಿಗೆಯ ಹೈಪೋಗ್ಲಾಸಲ್ ನ್ಯೂಕ್ಲಿಯಸ್ ಮತ್ತು ಅದರ ತಂತುಗಳು ಮೂರೂ ನಡುಗೆರೆಯ ಪಕ್ಕದಲ್ಲಿವೆ. ಅವು ಉಳಿದಿವೆ ಎನ್ನುವುದು ಪೆಟ್ಟು ನಡುವಿಗೆ ತಲುಪಿಲ್ಲ ಎನ್ನುವುದಕ್ಕೆ ಸಾಕ್ಷಿ. ಇಲ್ಲಿಗೆ ಉತ್ತರ ತಾನಾಗಿಯೇ ಬರುತ್ತದೆ: ಎಡ ಮೆಡುಲ್ಲಾದ ಹೊರ ಅಂಚು. 1895ರಲ್ಲಿ ಇಂಥದೇ ರೋಗಿಯನ್ನು ವಿವರಿಸಿದ ಜರ್ಮನ್ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ ಲಕ್ಷಣಗಳಿಂದಲೇ ಜಾಗವನ್ನು ಊಹಿಸಿದ್ದರು. 1901ರಲ್ಲಿ ಪ್ರಕಟಿಸಿದ ಶವಪರೀಕ್ಷೆಯ ವರದಿ ಅದನ್ನು ಸಮರ್ಥಿಸಿತು. ಸಿಂಡ್ರೋಮಿಗೆ ಅವರ ಹೆಸರು ಬಂದದ್ದು ಹೀಗೆ.

ರಕ್ತನಾಳ ಯಾವುದೆಂದು ಕೇಳಿದರೆ ಸಾಮಾನ್ಯವಾಗಿ ನಿರೀಕ್ಷಿಸುವ ಉತ್ತರ ಪೀಕಾ, ಅಂದರೆ ಪೋಸ್ಟೀರಿಯರ್ ಇನ್‌ಫೀರಿಯರ್ ಸೆರೆಬೆಲ್ಲರ್ ಆರ್ಟರಿ. ವಾಸ್ತವದಲ್ಲಿ ಹೆಚ್ಚಿನ ರೋಗಿಗಳಲ್ಲಿ ಕಟ್ಟಿರುವುದು ಅದರ ಮೂಲವಾದ ವರ್ಟೆಬ್ರಲ್ ಆರ್ಟರಿಯೇ. ಆಯ್ಕೆಗಳಲ್ಲಿ ಎರಡೂ ಇದ್ದಾಗ ‘ಅತಿ ಸಾಮಾನ್ಯವಾಗಿ ಕಟ್ಟುವ ನಾಳ’ ಎಂದು ಕೇಳಿದ್ದಾರೆಯೇ, ‘ಯಾವ ನಾಳದ ಕ್ಷೇತ್ರ’ ಎಂದು ಕೇಳಿದ್ದಾರೆಯೇ ಎಂಬುದನ್ನು ನೋಡಿ ಉತ್ತರಿಸಬೇಕು.

ಇನ್ನು ಸಾಲು ಬದಲಿಸುವ ಆಟ. ಕಟ್ಟಿದ ದನಿಯನ್ನು ತೆಗೆದು, ಹಣೆಯೂ ಸೇರಿದಂತೆ ಎಡಮುಖ ಪೂರ್ತಿ ಸೋತಿದೆ, ಎಡಕಿವಿ ಕೇಳಿಸುತ್ತಿಲ್ಲ ಎಂದು ಬರೆದರೆ ಮುಖ ಮತ್ತು ಮೈಯ ಜಡತೆ ಹಾಗೆಯೇ ಉಳಿದರೂ ಪೆಟ್ಟು ಪಾನ್ಸ್‌ನ ಕೆಳಭಾಗದ ಅಂಚಿಗೆ ಏರುತ್ತದೆ, ನಾಳ ಐಕಾ, ಅಂದರೆ ಆಂಟೀರಿಯರ್ ಇನ್‌ಫೀರಿಯರ್ ಸೆರೆಬೆಲ್ಲರ್ ಆರ್ಟರಿ ಆಗುತ್ತದೆ. ನಾಲಿಗೆ ಎಡಕ್ಕೆ ವಾಲಿ, ಬಲ ಕೈಕಾಲು ಸೋತು, ಬಲಗಡೆ ಕಂಪನ ತಿಳಿಯದೆ, ಚುಚ್ಚು ಮಾತ್ರ ಎಲ್ಲೆಡೆ ತಿಳಿದರೆ ಪೆಟ್ಟು ಎಡ ಮೆಡುಲ್ಲಾದ ನಡುಭಾಗದ್ದು. ಮುಖಕ್ಕೆ ಏನೂ ಆಗದೆ, ಎಡಗಾಲು ಸೋತು, ಎಡಗಾಲಿನಲ್ಲೇ ಕಂಪನ ಹೋಗಿ, ಬಲಗಡೆ ಮೊಲೆತೊಟ್ಟಿನ ಮಟ್ಟದಿಂದ ಕೆಳಗೆ ಚುಚ್ಚು ತಿಳಿಯದಿದ್ದರೆ ಮಿದುಳುಬಳ್ಳಿಯ ಎಡ ಅರ್ಧ ಕಡಿದಿದೆ. ಕಂಪನದ ತಂತು ಮೆಡುಲ್ಲಾ ತಲುಪುವವರೆಗೆ ದಾಟುವುದಿಲ್ಲವಾದ್ದರಿಂದ ಅದು ಪೆಟ್ಟಿನ ಬದಿಯಲ್ಲೇ ಹೋಗುತ್ತದೆ. ಮೊಲೆತೊಟ್ಟು ಎದೆಯ ನಾಲ್ಕನೆಯ ಖಂಡದ ಮಟ್ಟ. ನೋವಿನ ತಂತು ದಾಟುವ ಮುನ್ನ ಒಂದೆರಡು ಖಂಡ ಏರುವುದರಿಂದ ಪೆಟ್ಟು ಅದಕ್ಕಿಂತ ತುಸು ಮೇಲಿರುತ್ತದೆ.

ವಾರ್ಡಿನ ರೋಗಿಗಳು ಪ್ರಶ್ನೆಪತ್ರಿಕೆಯ ರೋಗಿಯಷ್ಟು ಪೂರ್ಣವಾಗಿರುವುದಿಲ್ಲ. ಸ್ಪೈನೋಥಲಾಮಿಕ್ ಟ್ರ್ಯಾಕ್ಟ್‌ನಲ್ಲಿ ಕಾಲಿನ ತಂತುಗಳು ಹೊರಗೆ, ಕೈಯವು ಒಳಗೆ ಇರುತ್ತವೆ. ಅತಿ ಹೊರ ಅಂಚಿಗಷ್ಟೇ ಪೆಟ್ಟು ಬಿದ್ದರೆ ಕೈ ಉಳಿದು, ಎದೆಯಿಂದ ಕೆಳಗೆ ಮಾತ್ರ ಜಡತೆ ಕಾಣಬಹುದು. ಆಗ ಬೆನ್ನಿನ ಎಂ.ಆರ್.ಐ. ಮಾಡಿಸಿ ಏನೂ ಸಿಗದೆ ಕೂರುವ ಸಾಧ್ಯತೆಯಿದೆ; ರೆಪ್ಪೆ, ಅಂಗುಳ, ದನಿ ನೋಡಿದವರಿಗೆ ಆ ತೊಡಕಿಲ್ಲ. ಹತ್ತಿಯಿಂದ ಮಾತ್ರ ಮುಟ್ಟಿ ನೋಡಿ ಸಂವೇದನೆ ಸರಿಯಿದೆಯೆಂದು ಬರೆಯುವುದು ಇನ್ನೊಂದು ತಪ್ಪು, ಏಕೆಂದರೆ ಈ ರೋಗಿಗೆ ಸ್ಪರ್ಶ ಬಹುಮಟ್ಟಿಗೆ ತಿಳಿಯುತ್ತದೆ. ತಣ್ಣಗಿನ ಟ್ಯೂನಿಂಗ್ ಫೋರ್ಕ್ ಅನ್ನು ಎರಡೂ ಕೆನ್ನೆಗೆ, ಎರಡೂ ತೋಳಿಗೆ ಇಟ್ಟು ‘ಯಾವ ಕಡೆ ತಣ್ಣಗಿದೆ?’ ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ವಿಷಯ ಹೊರಬೀಳುತ್ತದೆ. ಕೆಲವರು ಸ್ನಾನದ ನೀರು ಬಲಗೈಗೆ ಬಿಸಿಯೆನಿಸಲಿಲ್ಲ ಎಂದು ತಾವೇ ಹೇಳುತ್ತಾರೆ.

ತಲೆಸುತ್ತು ಮತ್ತು ವಾಂತಿಯಷ್ಟೇ ಎದ್ದು ಕಾಣುವುದರಿಂದ, ಕೈಕಾಲು ಸರಿಯಿರುವುದರಿಂದ, ಇವರಿಗೆ ಕಿವಿಯ ತೊಂದರೆಯೆಂದು ಮಾತ್ರೆ ಕೊಟ್ಟು ಮನೆಗೆ ಕಳಿಸುವುದು ನಡೆಯುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಜಾಗ ಸರಿಯಾಗಿ ಕಾಣುವುದಿಲ್ಲ, ಮೊದಲ ದಿನದ ಎಂ.ಆರ್.ಐ. ಕೂಡ ಒಮ್ಮೊಮ್ಮೆ ಸಹಜವೆಂದೇ ಬರುತ್ತದೆ. ಅಂಥ ವರದಿ ಕೈಯಲ್ಲಿದ್ದರೂ ದಾಟಿದ ಜಡತೆ ಮತ್ತು ಹಾರ್ನರ್ ಲಕ್ಷಣ ಕಂಡಿದ್ದರೆ ಪಾರ್ಶ್ವವಾಯುವೆಂದೇ ದಾಖಲಿಸಿಕೊಳ್ಳಬೇಕು, ಮತ್ತು ನುಂಗುವಿಕೆಯನ್ನು ಪರೀಕ್ಷಿಸುವವರೆಗೆ ಬಾಯಿಗೆ ಹನಿ ನೀರನ್ನೂ ಕೊಡಬಾರದು. ಸೋತ ಗಂಟಲಿನಿಂದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.