ಸೈನ್ ಬದಲು x − x³/6: ದೋಷ ಎಲ್ಲಿಯವರೆಗೆ ಸಹ್ಯ?

ಸಂಡೂರಿನ ಗುಡ್ಡಗಳ ಕಡೆ ಕಬ್ಬಿಣದ ಅದಿರನ್ನು ಮೇಲಕ್ಕೆ ಒಯ್ಯುವ ಇಳಿಜಾರು ಕನ್ವೇಯರ್ ಬೆಲ್ಟೊಂದನ್ನು ತೆಗೆದುಕೊಳ್ಳೋಣ. ಅದರ ಉದ್ದ 200 ಮೀಟರ್, ನೆಲದೊಡನೆ ಮಾಡುವ ಕೋನ 18 ಡಿಗ್ರಿ ಎಂದಿಟ್ಟುಕೊಂಡರೆ, ಬೆಲ್ಟಿನ ತುದಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಉದ್ದವನ್ನು ಕೋನದ ಸೈನ್‌ನಿಂದ ಗುಣಿಸಬೇಕು. ಲೆಕ್ಕ ಮಾಡುವ ಯಂತ್ರ ಚಿಕ್ಕದಾಗಿದ್ದು ಸೈನ್ ಕಂಡುಹಿಡಿಯುವ ಸೌಲಭ್ಯ ಅದರಲ್ಲಿ ಇಲ್ಲದಿದ್ದರೆ, sin x ಬದಲು x − x³/6 ಬಳಸುವುದು ರೂಢಿ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನು ಗಮನಿಸಿರುವಂತೆ, ಈ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅದರ ದೋಷ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ.

ಮೊದಲು ಲೆಕ್ಕವನ್ನೇ ಮಾಡಿಬಿಡೋಣ. ಸೂತ್ರದಲ್ಲಿ ಕೋನ ರೇಡಿಯನ್‌ನಲ್ಲಿರಬೇಕು. 18 ಡಿಗ್ರಿ ಎಂದರೆ 0.314159. ಅದರ ಘನವನ್ನು ಆರರಿಂದ ಭಾಗಿಸಿದರೆ 0.005168 ಬರುತ್ತದೆ, ಕಳೆದರೆ 0.308992 ಉಳಿಯುತ್ತದೆ. ನಿಜವಾದ ಸೈನ್ 0.309017. ವ್ಯತ್ಯಾಸ ಸುಮಾರು 0.000025, ಅಂದರೆ 200 ಮೀಟರ್ ಬೆಲ್ಟಿನ ತುದಿಯಲ್ಲಿ 5 ಮಿಲಿಮೀಟರ್. ಘನ ಪದವನ್ನು ಬಿಟ್ಟು ಬರೀ x ಬಳಸಿದ್ದರೆ ಇದೇ ತುದಿಯಲ್ಲಿ 1 ಮೀಟರಿಗೂ ತುಸು ಹೆಚ್ಚೇ ತಪ್ಪಾಗುತ್ತಿತ್ತು.

ಆದರೆ ನಿಜವಾದ ಬೆಲೆ ಗೊತ್ತಿದ್ದರೆ ಅಂದಾಜಿನ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಸೈನ್ ಗೊತ್ತಿಲ್ಲದೆಯೇ ದೋಷಕ್ಕೆ ಒಂದು ಮಿತಿ ಹಾಕುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಟೇಲರ್ ಸೂತ್ರದ ಪ್ರಕಾರ, ಮೂರನೇ ಘಾತದವರೆಗೆ ಬರೆದು ನಿಲ್ಲಿಸಿದಾಗ ಉಳಿಯುವ ಶೇಷವನ್ನು ನಾಲ್ಕನೇ ಡೆರಿವೇಟಿವ್‌ನಿಂದ ಅಳೆಯಬಹುದು. ಹಲವರು ಹಾಗೆಯೇ ಮಾಡಿ, ದೋಷ x⁴/24 ಅನ್ನು ಮೀರದು ಎಂದು ಬರೆಯುತ್ತಾರೆ. ಇದು ಸುಳ್ಳಲ್ಲ, ಆದರೆ ತೀರಾ ಸಡಿಲ: ನಮ್ಮ ಬೆಲ್ಟಿಗೆ ಅದು 0.0004, ಅಂದರೆ 8 ಸೆಂಟಿಮೀಟರ್ ಎನ್ನುತ್ತದೆ. ನಿಜವಾದ ದೋಷದ ಸುಮಾರು ಹದಿನಾರು ಪಟ್ಟು. ಸೈನ್ ಬೆಸ ಫಲನವಾದ್ದರಿಂದ ಅದರ ಶ್ರೇಣಿಯಲ್ಲಿ x⁴ ಪದದ ಗುಣಾಂಕ ಸೊನ್ನೆ. ಹೀಗಾಗಿ ನಾವು ಬರೆದದ್ದು ನೋಡಲು ಘನ ಬಹುಪದೋಕ್ತಿಯಾಗಿದ್ದರೂ, ನಾಲ್ಕನೇ ಘಾತದವರೆಗಿನ ಟೇಲರ್ ಬಹುಪದೋಕ್ತಿಯೂ ಅದೇ ಆಗಿದೆ. ಆದಕಾರಣ ಶೇಷವನ್ನು ಐದನೇ ಡೆರಿವೇಟಿವ್‌ನಿಂದ ಅಳೆಯುವ ಹಕ್ಕು ನಮಗಿದೆ. ಸೈನ್‌ನ ಐದನೇ ಡೆರಿವೇಟಿವ್ ಕೊಸೈನ್. ಅದರ ಗಾತ್ರ ಎಂದಿಗೂ 1 ಅನ್ನು ದಾಟದು. ಆದ್ದರಿಂದ ದೋಷದ ಗಾತ್ರ x⁵/120 ಅನ್ನು ಮೀರುವುದಿಲ್ಲ. 18 ಡಿಗ್ರಿಗೆ ಇದು 0.0000255, ನಾವು ಕಂಡ ದೋಷಕ್ಕೆ ಬಹುತೇಕ ಅಂಟಿಕೊಂಡೇ ಇದೆ. ಜೊತೆಗೆ 0 ಮತ್ತು 90 ಡಿಗ್ರಿಗಳ ನಡುವೆ ಕೊಸೈನ್ ಧನಾತ್ಮಕವಾಗಿರುವುದರಿಂದ, ಅಂದಾಜು ಯಾವಾಗಲೂ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ ಎಂಬುದೂ ತಿಳಿಯುತ್ತದೆ. ನನಗಂತೂ ಈ ಚಿಹ್ನೆಯ ಮಾಹಿತಿ ಮಿತಿಯಷ್ಟೇ ಉಪಯುಕ್ತ.

ಇದೇ ಮಿತಿಯನ್ನು ತಿರುಗಿಸಿ, ದೋಷ 0.0001 ಒಳಗಿರಲು ಕೋನ ಎಷ್ಟಿರಬಹುದು ಎಂದೂ ಕೇಳಬಹುದು. x⁵ ಬೆಲೆ 0.012 ದಾಟಬಾರದು, ಅಂದರೆ x ಸುಮಾರು 0.41, ಡಿಗ್ರಿಯಲ್ಲಿ 23ರ ಆಸುಪಾಸು. ಕೋನ ದುಪ್ಪಟ್ಟಾದರೆ ದೋಷ ಮೂವತ್ತೆರಡು ಪಟ್ಟಿನ ಹತ್ತಿರ ಹೋಗುತ್ತದೆ: 36 ಡಿಗ್ರಿಗೆ ಅದು 0.0008. 90 ಡಿಗ್ರಿಯಲ್ಲಂತೂ 1 ಬರಬೇಕಾದಲ್ಲಿ 0.925 ಬರುತ್ತದೆ. ಅಷ್ಟು ದೂರಕ್ಕೆ ಈ ಸೂತ್ರವನ್ನು ಎಳೆಯಬಾರದು. ಬೇಕಿದ್ದರೆ x⁵/120 ಪದವನ್ನೂ ಸೇರಿಸಬೇಕು.

ಡಿಗ್ರಿಯನ್ನೇ ನೇರವಾಗಿ ಹಾಕುವ ತಪ್ಪು 18ರಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಉತ್ತರ −954 ಬರುತ್ತದೆ. ಆದರೆ 2 ಡಿಗ್ರಿಯಲ್ಲಿ 0.667 ಬಂದು, ಸೈನ್ ಇರಬಹುದಾದ ಬೆಲೆಯಂತೆಯೇ ಕಾಣುತ್ತದೆ. ನಿಜ ಬೆಲೆ 0.035. ಇನ್ನೂ ಗುಪ್ತವಾದ ತಪ್ಪೊಂದು ಸಿ ಭಾಷೆಯಲ್ಲಿ ಬರೆಯುವವರಿಗೆ ಕಾದಿರುತ್ತದೆ:

```
y = x - (1/6)*x*x*x;
```

ಇಲ್ಲಿ 1/6 ಪೂರ್ಣಾಂಕಗಳ ಭಾಗಾಕಾರವಾಗಿ ಸೊನ್ನೆಯಾಗುತ್ತದೆ, ಘನ ಪದ ಸದ್ದಿಲ್ಲದೆ ಮಾಯವಾಗುತ್ತದೆ. ಉತ್ತರ ಸುಮಾರಾಗಿ ಸರಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಿಡಿಯುವ ದಾರಿ ಎಂದರೆ 18 ಮತ್ತು 9 ಡಿಗ್ರಿಗಳ ದೋಷಗಳನ್ನು ಕೋಷ್ಟಕದ ಸೈನ್ ಬೆಲೆಯೊಡನೆ ಹೋಲಿಸಿ, ಅವುಗಳ ಅನುಪಾತ ನೋಡುವುದು. ಅದು 32ರ ಹತ್ತಿರವಿದ್ದರೆ ಸೂತ್ರ ಸರಿಯಾಗಿ ಇಳಿದಿದೆ. 8ರ ಹತ್ತಿರವಿದ್ದರೆ x³ ಪದದಲ್ಲೇ ಏನೋ ಕೆಟ್ಟಿದೆ. ಈ ಪರೀಕ್ಷೆಯನ್ನು 1 ಡಿಗ್ರಿಯಂಥ ತೀರಾ ಸಣ್ಣ ಕೋನದಲ್ಲಿ ಮಾಡಬಾರದು. ಅಲ್ಲಿ ನಿಜವಾದ ದೋಷ 10⁻¹¹ರ ಮಟ್ಟದಲ್ಲಿದ್ದು, ಏಳು ಅಂಕಿಗಳಷ್ಟೇ ನಿಖರತೆಯಿರುವ ಸಂಖ್ಯೆಗಳಲ್ಲಿ ಅದು ಪೂರ್ತಿ ಮುಳುಗಿಹೋಗಿ, ಅನುಪಾತಕ್ಕೆ ಅರ್ಥವೇ ಉಳಿಯುವುದಿಲ್ಲ. ತಪ್ಪು ಸಿಕ್ಕ ಮೇಲೆ 6ನ್ನು 6.0f ಎಂದು ಬರೆದರೆ ಘನ ಪದ ಮರಳಿ ಬರುತ್ತದೆ.